ಎರಡು ಕುಕ್ಕರ್ ಎಲ್ಲಿ ಹೋದವು?

ಪಾತ್ರೆ ಅಂಗಡಿಯಲ್ಲಿ ಒಂದು ಕುಕ್ಕರ್ ಮಾರಾಟವಾದರೆ ಎರಡು ಸಂಗತಿ ಒಟ್ಟಿಗೆ ನಡೆಯುತ್ತವೆ. ಗಲ್ಲಾಪೆಟ್ಟಿಗೆಗೆ 1,400 ರೂಪಾಯಿ ಬರುತ್ತದೆ, ಶೆಲ್ಫಿನಿಂದ ಒಂದು ಕುಕ್ಕರ್ ಹೋಗುತ್ತದೆ. ಬಂದ ಹಣವನ್ನು ಬರೆದಿಡದ ವ್ಯಾಪಾರಿ ಇಲ್ಲ. ಹೋದ ಕುಕ್ಕರಿನ ಅಸಲು ಎಷ್ಟು ಎಂಬುದನ್ನು ಮಾತ್ರ ಕೆಲವರು ಅದೇ ಗಳಿಗೆಯಲ್ಲಿ ಬರೆಯುತ್ತಾರೆ, ಉಳಿದವರು ಮಾರ್ಚ್ 31ರವರೆಗೆ ಅದರ ಗೊಡವೆಗೆ ಹೋಗುವುದಿಲ್ಲ. ದಾಸ್ತಾನು ಲೆಕ್ಕದ ಎರಡು ಪದ್ಧತಿಗಳು ಬೇರೆಯಾಗುವುದು ಇಲ್ಲಿಯೇ.

ವರ್ಷಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಸರಕು ಎಣಿಸಿ, ಆ ಎಣಿಕೆಯಿಂದ ಅಸಲು ಕಂಡುಹಿಡಿಯುವುದು ನಿಯತಕಾಲಿಕ ಪದ್ಧತಿ. ಕಾಮರ್ಸ್ ಓದಿದವರು ಪೀರಿಯಾಡಿಕ್ ಎನ್ನುತ್ತಾರೆ. ಪ್ರತಿ ಖರೀದಿ, ಪ್ರತಿ ಮಾರಾಟ, ಪ್ರತಿ ವಾಪಸಾತಿಯ ಜೊತೆಗೇ ದಾಸ್ತಾನು ಖಾತೆಯನ್ನೂ ಏರಿಸಿ ಇಳಿಸುತ್ತ ಹೋಗುವುದು ನಿರಂತರ ಪದ್ಧತಿ, ಅಂದರೆ ಪರ್ಪೆಚುಯಲ್. ಮೊದಲನೆಯದರಲ್ಲಿ ಒಂದು ಮಾರಾಟಕ್ಕೆ ಒಂದೇ ನಮೂದು. ಎರಡನೆಯದರಲ್ಲಿ ಎರಡು: ಒಂದು ಮಾರಾಟದ್ದು, ಇನ್ನೊಂದು ದಾಸ್ತಾನು ಖಾತೆಯಿಂದ ಅಸಲನ್ನು ತೆಗೆದು ‘ಮಾರಿದ ಸರಕಿನ ವೆಚ್ಚ’ಕ್ಕೆ ಹಾಕುವುದು. ಮಾರಾಟದ ಮೊತ್ತದಲ್ಲಿ ಈ ವೆಚ್ಚ ಕಳೆದರೆ ಉಳಿಯುವುದೇ ಒಟ್ಟು ಲಾಭ, ಅಂಗಡಿಯವರ ಮಾತಿನಲ್ಲಿ ಗ್ರಾಸ್ ಪ್ರಾಫಿಟ್.

ಒಂದೇ ಸಾಮಾನನ್ನು ಹಿಡಿದು ಒಂದು ತಿಂಗಳ ಲೆಕ್ಕ ಮಾಡಿ ನೋಡೋಣ. ಐದು ಲೀಟರ್ ಕುಕ್ಕರ್, ದೀಪಾವಳಿಯ ಅಕ್ಟೋಬರ್. ತಿಂಗಳ ಮೊದಲ ದಿನ ಅಂಗಡಿಯಲ್ಲಿ 20 ಕುಕ್ಕರ್ ಇವೆ, ತಲಾ 1,000 ರೂಪಾಯಿ ಅಸಲಿನವು. 3ರಂದು 10 ಮಾರಿದವು. 8ರಂದು 1,100ರ ದರದಲ್ಲಿ 30 ಬಂದವು. 15ರ ಹೊತ್ತಿಗೆ 28 ಹೋದವು. 20ರಂದು ಮತ್ತೆ 30 ಬಂದವು, ಈ ಸಲ ದರ 1,180. ಕೊನೆಯ ವಾರದಲ್ಲಿ 26 ಹೋದವು. ಒಟ್ಟು ಕೈಗೆ ಬಂದದ್ದು 80, ಮಾರಿದ್ದು 64, ಉಳಿಯಬೇಕಾದದ್ದು 16. ಈ ದರಗಳಲ್ಲಿ ಲಾರಿ ಬಾಡಿಗೆ, ಹಮಾಲಿ ಸೇರಿವೆ ಎಂದಿಟ್ಟುಕೊಳ್ಳಿ, ಏಕೆಂದರೆ ಸರಕು ಅಂಗಡಿ ತಲುಪುವವರೆಗಿನ ಖರ್ಚೂ ಅಸಲಿಗೇ ಸೇರಬೇಕು. ವಾಪಸು ಸಿಗುವ ಜಿಎಸ್‌ಟಿ ಮಾತ್ರ ಸೇರುವುದಿಲ್ಲ.

ನಿಯತಕಾಲಿಕ ಪದ್ಧತಿಯವರು ಮಾರಾಟದ ತಾರೀಖುಗಳನ್ನು ನೋಡುವುದೇ ಇಲ್ಲ. ಅವರ ಸೂತ್ರ ಒಂದೇ ಸಾಲಿನದು: ಆರಂಭದ ದಾಸ್ತಾನಿಗೆ ಖರೀದಿ ಕೂಡಿಸು, ಕೊನೆಯ ದಾಸ್ತಾನು ಕಳೆ. ಆರಂಭದ್ದು 20,000, ಖರೀದಿ 33,000 ಮತ್ತು 35,400, ಎಲ್ಲ ಸೇರಿ 88,400 ರೂಪಾಯಿ. 31ರ ರಾತ್ರಿ ಶೆಲ್ಫ್ ಎಣಿಸಿದಾಗ 16 ಸಿಕ್ಕವು. ಆ ಹದಿನಾರಕ್ಕೆ ಬೆಲೆ ಕಟ್ಟಿ 88,400ರಲ್ಲಿ ಕಳೆದರೆ ಮಾರಿದ ಸರಕಿನ ವೆಚ್ಚ ಸಿಕ್ಕಿತು.

ಆದರೆ ಆ ಹದಿನಾರಕ್ಕೆ ಯಾವ ದರ? ಶೆಲ್ಫಿನಲ್ಲಿರುವ ಕುಕ್ಕರ್ 1,100ರದ್ದೋ 1,180ರದ್ದೋ ಎಂದು ಅದರ ಮೈಮೇಲೆ ಬರೆದಿರುವುದಿಲ್ಲ. ನಮ್ಮ ದೇಶದ ಲೆಕ್ಕಪತ್ರ ಮಾನದಂಡ ಎಎಸ್-2 ಇಂಥ ಒಂದೇ ಬಗೆಯ ಸರಕಿಗೆ ಎರಡು ದಾರಿ ಕೊಡುತ್ತದೆ. ಒಂದು ಫಿಫೊ: ಮೊದಲು ಬಂದದ್ದು ಮೊದಲು ಹೋಯಿತು ಎಂದು ಹಿಡಿಯುವುದು. ಇನ್ನೊಂದು ತೂಕದ ಸರಾಸರಿ: ಒಟ್ಟು ಅಸಲನ್ನು ಒಟ್ಟು ಸಂಖ್ಯೆಯಿಂದ ಭಾಗಿಸುವುದು. ಕೊನೆಗೆ ಬಂದದ್ದು ಮೊದಲು ಹೋಯಿತೆನ್ನುವ ಲೈಫೊ ಅಮೆರಿಕದಲ್ಲಿ ಈಗಲೂ ಚಾಲ್ತಿಯಲ್ಲಿದೆ, ನಮ್ಮಲ್ಲಿ ಅದಕ್ಕೆ ಅವಕಾಶವಿಲ್ಲ.

ಫಿಫೊ ಹಿಡಿದರೆ ಉಳಿದ ಹದಿನಾರೂ ಕೊನೆಯ ಲೋಡಿನವು. 1,180ರಂತೆ 18,880 ರೂಪಾಯಿ. ಮಾರಿದ ಸರಕಿನ ವೆಚ್ಚ 69,520. ಸರಾಸರಿ ಹಿಡಿದರೆ 88,400ನ್ನು 80ರಿಂದ ಭಾಗಿಸಿ, ಕುಕ್ಕರಿಗೆ 1,105. ಉಳಿದದ್ದರ ಬೆಲೆ 17,680, ಮಾರಿದ್ದರ ವೆಚ್ಚ 70,720.

ಇನ್ನು ಇದೇ ತಿಂಗಳನ್ನು ನಿರಂತರ ಪದ್ಧತಿಯಲ್ಲಿ ಬರೆಯೋಣ. ಇಲ್ಲಿ ತಾರೀಖು ಮುಖ್ಯ. 3ರಂದು 10 ಹೋದಾಗ ಅಂಗಡಿಯಲ್ಲಿದ್ದದ್ದು 1,000ದ ಕುಕ್ಕರ್ ಮಾತ್ರ, ಆದ್ದರಿಂದ ವೆಚ್ಚ 10,000. 8ರಂದು ಹೊಸ ಸರಕು ಬಂದಾಗ 10,000 ರೂಪಾಯಿಯ 10 ಹಳೆಯವು, 33,000ದ 30 ಹೊಸವು, ಒಟ್ಟು 40ಕ್ಕೆ 43,000. ಹೊಸ ಸರಾಸರಿ 1,075. 15ರವರೆಗೆ ಹೋದ 28ಕ್ಕೂ ಇದೇ ದರ, 30,100 ರೂಪಾಯಿ. 12 ಉಳಿದವು, 12,900 ರೂಪಾಯಿಯವು. 20ರಂದು 35,400 ರೂಪಾಯಿಯ ಸರಕು ಸೇರಿ 42 ಕುಕ್ಕರಿಗೆ 48,300 ಆಯಿತು, ಸರಾಸರಿ 1,150ಕ್ಕೆ ಏರಿತು. ಕೊನೆಯ 26ಕ್ಕೆ 29,900. ಮೂರೂ ಕೂಡಿಸಿದರೆ ಮಾರಿದ ಸರಕಿನ ವೆಚ್ಚ ಸರಿಯಾಗಿ 70,000. ಉಳಿದ 16ರ ಬೆಲೆ 18,400.

ಅಂಗಡಿ ಒಂದೇ, ಕುಕ್ಕರ್ ಅವೇ, ಹಿಡಿದ ದಾರಿಯೂ ಸರಾಸರಿಯೇ. ಆದರೂ ಒಂದು ಪದ್ಧತಿ 70,720 ಎಂದಿತು, ಇನ್ನೊಂದು 70,000. ಇದು ಲೆಕ್ಕದ ತಪ್ಪಲ್ಲ. ತಿಂಗಳ ಕೊನೆಗೆ ಒಟ್ಟಿಗೆ ಸರಾಸರಿ ತೆಗೆದಾಗ, 20ರಂದು ಬಂದ 1,180ರ ಸರಕಿನ ದುಬಾರಿ 3ರಂದೇ ಮಾರಿಹೋದ ಕುಕ್ಕರಿನ ಮೇಲೂ ಬಿತ್ತು. ಆ ದಿನ ಆ ದರ ಹುಟ್ಟಿಯೇ ಇರಲಿಲ್ಲ. ಪ್ರತಿ ಲೋಡಿಗೊಮ್ಮೆ ಸರಾಸರಿ ಬದಲಿಸುವ ನಿರಂತರ ಪದ್ಧತಿಯಲ್ಲಿ ನಾಳಿನ ದರ ಇಂದಿನ ಮಾರಾಟಕ್ಕೆ ಅಂಟುವುದಿಲ್ಲ. ದರ ಏರುತ್ತಿರುವ ದಿನಗಳಲ್ಲಿ ನಿಯತಕಾಲಿಕ ಸರಾಸರಿ ವೆಚ್ಚವನ್ನು ತುಸು ಹೆಚ್ಚು ತೋರಿಸುತ್ತದೆ, ಇಳಿಯುವ ದಿನಗಳಲ್ಲಿ ತುಸು ಕಡಿಮೆ.

ಫಿಫೊ ಮಾತ್ರ ಎರಡರಲ್ಲೂ ಒಂದೇ ಉತ್ತರ ಕೊಡುತ್ತದೆ. ದಿನದ ಲೆಕ್ಕದಂತೆ ಹೋದರೆ ಮೊದಲ ಮಾರಾಟಕ್ಕೆ 10,000, ಎರಡನೆಯದಕ್ಕೆ ಹಳೆಯ 10 ಮತ್ತು 1,100ರ 18 ಸೇರಿ 29,800, ಮೂರನೆಯದಕ್ಕೆ 1,100ರ 12 ಮತ್ತು 1,180ರ 14 ಸೇರಿ 29,720. ಒಟ್ಟು 69,520, ಮೊದಲು ಬಂದ ಉತ್ತರವೇ. ಹಳೆಯದು ಮೊದಲು ಹೋಗುವುದಾದರೆ ಎಂದು ಲೆಕ್ಕ ಹಾಕಿದರೂ ಉಳಿಯುವುದು ಹೊಸದೇ ಅಲ್ಲವೇ? ಹಾಗಾಗಿ ಫಿಫೊ ಹಿಡಿದವರು ಪದ್ಧತಿ ಬದಲಿಸಿದರೆ ಲಾಭದ ಅಂಕಿ ಬದಲಾಗುತ್ತದೆಂದು ಹೆದರಬೇಕಿಲ್ಲ. ಸರಾಸರಿ ಹಿಡಿದವರಿಗೆ ಬದಲಾಗುತ್ತದೆ.

ಇಲ್ಲಿಯವರೆಗಿನದು ಪಠ್ಯಪುಸ್ತಕದಲ್ಲಿ ಸಿಗುವ ವ್ಯತ್ಯಾಸ. ಅಂಗಡಿ ನಡೆಸುವವರಿಗೆ ನಿಜವಾಗಿ ತಟ್ಟುವ ವ್ಯತ್ಯಾಸ ಬೇರೆ ಇದೆ. 31ರ ರಾತ್ರಿ ಎಣಿಸಿದಾಗ ಶೆಲ್ಫಿನಲ್ಲಿ 16 ಅಲ್ಲ, 14 ಕುಕ್ಕರ್ ಮಾತ್ರ ಸಿಕ್ಕವು ಎನ್ನೋಣ.

ನಿಯತಕಾಲಿಕ ಪದ್ಧತಿಯವರಿಗೆ ಇದು ಗೊತ್ತಾಗುವುದೇ ಇಲ್ಲ. ಹದಿನಾರು ಇರಬೇಕಿತ್ತು ಎಂದು ಹೇಳುವ ಪುಸ್ತಕ ಅವರಲ್ಲಿಲ್ಲ. ಅವರು 14ನ್ನು 1,180ರಿಂದ ಗುಣಿಸಿ 16,520 ಎಂದು ಬರೆದುಕೊಳ್ಳುತ್ತಾರೆ. 88,400ರಲ್ಲಿ ಅದನ್ನು ಕಳೆದಾಗ ಮಾರಿದ ಸರಕಿನ ವೆಚ್ಚ 71,880 ಎಂದು ಬರುತ್ತದೆ. ಹೆಸರು ‘ಮಾರಿದ ಸರಕಿನ ವೆಚ್ಚ’ ಎಂದಿದ್ದರೂ ಅದರೊಳಗೆ ಮಾರದೇ ಹೋದ ಎರಡು ಕುಕ್ಕರಿನ 2,360 ರೂಪಾಯಿ ಅಡಗಿ ಕೂತಿದೆ. ಈ ಸೂತ್ರಕ್ಕೆ ಅಂಗಡಿಯಲ್ಲಿ ಇಲ್ಲದ್ದೆಲ್ಲ ಮಾರಿದ್ದೇ. ಕಳ್ಳತನವಾದದ್ದು, ಒಡೆದದ್ದು, ಮನೆಗೆ ಕೊಂಡೊಯ್ದದ್ದು, ಬಿಲ್ ಹಾಕದೆ ಕೊಟ್ಟದ್ದು, ಸಪ್ಲೈಯರ್ ಕಡಿಮೆ ಕಳಿಸಿಯೂ ಪೂರ್ತಿ ಬಿಲ್ ಮಾಡಿದ್ದು, ಎಲ್ಲವೂ ಅದೇ ಚೀಲಕ್ಕೆ ಬೀಳುತ್ತವೆ.

ನಿರಂತರ ಪದ್ಧತಿಯಲ್ಲಿ ಫಿಫೊ ಪ್ರಕಾರ ವೆಚ್ಚ 69,520 ಎಂದು ಬಿಲ್ ಬಿಲ್ಲಿನ ಲೆಕ್ಕದಲ್ಲಿ ಆಗಲೇ ಬರೆದಾಗಿದೆ. ಪುಸ್ತಕ 16 ಎನ್ನುತ್ತದೆ, ಶೆಲ್ಫ್ 14 ಎನ್ನುತ್ತದೆ. 2,360 ರೂಪಾಯಿಯನ್ನು ‘ದಾಸ್ತಾನು ಕೊರತೆ’ ಎಂಬ ಬೇರೆ ಖಾತೆಗೆ ಹಾಕಿ ಪುಸ್ತಕವನ್ನು 14ಕ್ಕೆ ಇಳಿಸುತ್ತಾರೆ. ಕೊನೆಯ ಲಾಭ ಎರಡು ಕಡೆಯೂ ಒಂದೇ. 64 ಕುಕ್ಕರಿನ ಮಾರಾಟ 89,600, ಅದರಲ್ಲಿ ಹೇಗೆ ಕಳೆದರೂ ಉಳಿಯುವುದು 17,720. ಆದರೆ ಕಣ್ಣಿಗೆ ಕಾಣುವ ಚಿತ್ರ ಬೇರೆ. ಒಂದು ಪುಸ್ತಕ ಒಟ್ಟು ಲಾಭ ಶೇ 22.4 ಇದೆ, 2,360 ರೂಪಾಯಿಯ ಸರಕು ಕಾಣೆಯಾಗಿದೆ ಎಂದು ಹೇಳುತ್ತದೆ. ಇನ್ನೊಂದು ಒಟ್ಟು ಲಾಭ ಶೇ 19.8 ಎಂದು ಹೇಳಿ ಸುಮ್ಮನಾಗುತ್ತದೆ. ಎರಡನೆಯದನ್ನು ಓದಿದ ಮಾಲೀಕರು ರಿಯಾಯಿತಿ ಜಾಸ್ತಿ ಕೊಟ್ಟೆವು, ಖರೀದಿ ದರ ಏರಿತು ಎಂದುಕೊಂಡು ಬೆಲೆ ಏರಿಸಲು ಹೊರಡುತ್ತಾರೆ. ಖಾಯಿಲೆ ಗೋದಾಮಿನಲ್ಲಿರುವಾಗ ಔಷಧ ಗಿರಾಕಿಗೆ ಕುಡಿಸಿದಂತಾಗುತ್ತದೆ. ಎರಡು ಪದ್ಧತಿಗಳ ನಡುವೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ವ್ಯತ್ಯಾಸ ಇದೇ.

ಇದಕ್ಕೆ ತೆರಿಗೆಯ ಮುಖವೂ ಇದೆ. ಕಳೆದುಹೋದ, ಕಳುವಾದ, ನಾಶವಾದ ಸರಕಿನ ಮೇಲೆ ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ವಾಪಸು ಪಡೆಯುವಂತಿಲ್ಲ ಎಂದು ಜಿಎಸ್‌ಟಿ ಕಾಯ್ದೆಯ 17(5)ನೆಯ ಕಲಂ ಹೇಳುತ್ತದೆ. ಕಾಣೆಯಾದದ್ದು ವೆಚ್ಚದೊಳಗೆ ಮುಳುಗಿಹೋದರೆ ಆ ಕ್ರೆಡಿಟ್ ಹಿಂದಿರುಗಿಸಬೇಕೆಂಬುದು ತಿಳಿಯುವುದಾದರೂ ಹೇಗೆ? ಜಿಎಸ್‌ಟಿ ನಿಯಮ 56 ಈ ಕಾರಣಕ್ಕೇ ಆರಂಭದ ದಾಸ್ತಾನು, ಬಂದದ್ದು, ಹೋದದ್ದರ ಜೊತೆಗೆ ಕಳೆದದ್ದು, ಕಳುವಾದದ್ದು, ನಾಶವಾದದ್ದು, ಉಡುಗೊರೆಯಾಗಿ ಅಥವಾ ಸ್ಯಾಂಪಲ್ ಆಗಿ ಕೊಟ್ಟದ್ದನ್ನೂ ಬಿಡಿಬಿಡಿಯಾಗಿ ತೋರಿಸುವ ದಾಸ್ತಾನು ಲೆಕ್ಕ ಕೇಳುತ್ತದೆ. ಕಾಂಪೊಸಿಷನ್ ಯೋಜನೆಯಲ್ಲಿರುವ ಸಣ್ಣ ವ್ಯಾಪಾರಿಗಳಿಗೆ ಇದರಿಂದ ವಿನಾಯಿತಿ ಇದೆ. ಉಳಿದ ನೋಂದಾಯಿತ ವ್ಯಾಪಾರಿಗಳು ಲಾಭದ ಲೆಕ್ಕವನ್ನು ಯಾವ ಪದ್ಧತಿಯಲ್ಲಿ ಹಾಕಿದರೂ ಸರಕಿನ ಸಂಖ್ಯೆಯ ಲೆಕ್ಕವನ್ನು ಇಟ್ಟುಕೊಳ್ಳಲೇಬೇಕು.

ನಿಯತಕಾಲಿಕ ಪದ್ಧತಿಯಲ್ಲಿ ಇಡೀ ಲಾಭ ಒಂದು ರಾತ್ರಿಯ ಎಣಿಕೆಯ ಮೇಲೆ ನಿಂತಿರುತ್ತದೆ. ಗೋದಾಮಿನಲ್ಲಿ ಐದು ಕುಕ್ಕರಿನ ಒಂದು ಪೆಟ್ಟಿಗೆಯನ್ನು ಇಬ್ಬರು ಹುಡುಗರು ಎರಡು ಸಲ ಎಣಿಸಿದರೆ ಕೊನೆಯ ದಾಸ್ತಾನು 5,900 ರೂಪಾಯಿ ಹೆಚ್ಚು, ವೆಚ್ಚ ಅಷ್ಟೇ ಕಡಿಮೆ, ಲಾಭ ಅಷ್ಟೇ ಹೆಚ್ಚು. ಆ ಹೆಚ್ಚಿನ ದಾಸ್ತಾನು ಮುಂದಿನ ವರ್ಷಕ್ಕೆ ಆರಂಭದ ದಾಸ್ತಾನಾಗಿ ಹೋಗಿ, ಆ ವರ್ಷದ ಲಾಭವನ್ನು 5,900 ಇಳಿಸುತ್ತದೆ. ಎರಡು ವರ್ಷ ಸೇರಿಸಿ ನೋಡಿದರೆ ತಪ್ಪು ಅಳಿಸಿಹೋಗಿರುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಒಂದು ವರ್ಷ ಒಳ್ಳೆಯ ವ್ಯಾಪಾರ, ಮರುವರ್ಷ ಕೆಟ್ಟ ವ್ಯಾಪಾರ. ಹೀಗೆ ಒಟ್ಟು ಲಾಭದ ಶೇಕಡಾ ಒಂದು ವರ್ಷ ಏರಿ ಮರುವರ್ಷ ಹೆಚ್ಚುಕಡಿಮೆ ಅಷ್ಟೇ ಇಳಿದಿದ್ದರೆ, ವ್ಯಾಪಾರದ ಕಾರಣ ಹುಡುಕುವ ಮೊದಲು ನಡುವಿನ ಮಾರ್ಚ್‌ನ ಎಣಿಕೆ ಪಟ್ಟಿಯನ್ನು ತೆಗೆಸಿ ನೋಡುವುದು ಒಳ್ಳೆಯದು.

ಎಣಿಕೆಗಿಂತಲೂ ಹೆಚ್ಚು ಜನ ಎಡವುವುದು ತಾರೀಖಿನಲ್ಲಿ. ಮಾರ್ಚ್ 30ರಂದು ಲಾರಿ ಬಂತು, ಸರಕು ಇಳಿಯಿತು, 31ರ ಎಣಿಕೆಯಲ್ಲಿ ಸೇರಿತು. ಬಿಲ್ ಮಾತ್ರ ಏಪ್ರಿಲ್ 2ಕ್ಕೆ ಬಂದು ಹೊಸ ವರ್ಷದ ಪುಸ್ತಕದಲ್ಲಿ ಕೂತಿತು. ಈಗ ಕಳೆಯುವ ಕಡೆ ಆ ಸರಕು ಇದೆ, ಕೂಡಿಸುವ ಕಡೆ ಇಲ್ಲ. ಲೋಡಿನ ಬೆಲೆ 35,400 ಆಗಿದ್ದರೆ ಲಾಭ ಅಷ್ಟೂ ಸುಳ್ಳೇ ಏರಿತು. ಬಿಲ್ ಮೊದಲು ಬಂದು ಲಾರಿ ದಾರಿಯಲ್ಲಿದ್ದರೆ ಇದರ ತಿರುಗುಮುರುಗು. ಅನುಭವಸ್ಥ ಆಡಿಟರ್‌ಗಳು ಎಣಿಕೆಯ ದಿನ ಮೊದಲು ಕೇಳುವುದು ಕೊನೆಯ ಸರಕು ಇಳಿಸಿದ ರಶೀದಿಯ ನಂಬರ್ ಮತ್ತು ಕೊನೆಯ ಮಾರಾಟದ ಬಿಲ್ ನಂಬರ್. ಈ ಎರಡು ನಂಬರ್ ಎಣಿಕೆ ಪಟ್ಟಿಯ ಮೇಲೆ ಬರೆದಿದ್ದರೆ, ಯಾವ ಬಿಲ್ ಗೆರೆಯ ಈಚೆ, ಯಾವುದು ಆಚೆ ಎಂಬ ವಾದವೇ ಹುಟ್ಟುವುದಿಲ್ಲ.

ನಿರಂತರ ಪದ್ಧತಿಯಲ್ಲೂ ಎಣಿಕೆ ತಪ್ಪುವುದಿಲ್ಲ. ಪುಸ್ತಕ ಹೇಳುವುದು ಎಷ್ಟು ಇರಬೇಕು ಎಂಬುದನ್ನು ಮಾತ್ರ. ಎಷ್ಟು ಇದೆ ಎಂದು ಹೇಳಬಲ್ಲವರು ಎಣಿಸಿದವರೇ. ಆದರೆ ಎಲ್ಲವನ್ನೂ ಒಂದೇ ರಾತ್ರಿ ಎಣಿಸಬೇಕಾಗಿಲ್ಲ. ಈ ವಾರ ಕುಕ್ಕರ್, ಮುಂದಿನ ವಾರ ಮಿಕ್ಸಿ ಎಂದು ಸರದಿಯಲ್ಲಿ ಎಣಿಸಬಹುದು. ಆಗ ಸಿಗುವ ವ್ಯತ್ಯಾಸಗಳು ತಾವೇ ಕತೆ ಹೇಳುತ್ತವೆ. ಐದು ಲೀಟರಿನಲ್ಲಿ ಎರಡು ಕಡಿಮೆ, ಮೂರು ಲೀಟರಿನಲ್ಲಿ ಎರಡು ಹೆಚ್ಚು ಬಂದರೆ ಅದು ಕಳ್ಳತನವಲ್ಲ, ಕೌಂಟರಿನಲ್ಲಿ ತಪ್ಪು ಕೋಡ್ ಒತ್ತಿ ಬಿಲ್ ಮಾಡಿದ್ದಾರೆ. ದಾಸ್ತಾನು ಮೈನಸ್ 4 ಎಂದು ಕಂಪ್ಯೂಟರ್ ತೋರಿಸಿದರೆ ಸರಕು ಬಂದಿದೆ, ಮಾರಾಟವೂ ಆಗಿದೆ, ಖರೀದಿ ಬಿಲ್ ಇನ್ನೂ ಏರಿಸಿಲ್ಲ. ಈ ಮೈನಸ್ ಅಪಾಯಕಾರಿ. ಇಲ್ಲದ ಸರಕಿಗೆ ಸಾಫ್ಟ್‌ವೇರ್ ಹಳೆಯ ದರವನ್ನೋ ಸೊನ್ನೆಯನ್ನೋ ವೆಚ್ಚವಾಗಿ ಹಿಡಿದುಬಿಟ್ಟಿರಬಹುದು. ಗಿರಾಕಿ ವಾಪಸು ತಂದ ಕುಕ್ಕರ್ ಶೆಲ್ಫಿಗೆ ಹೋಗಿ ಪುಸ್ತಕಕ್ಕೆ ಹೋಗದಿದ್ದರೆ ಹೆಚ್ಚು ಕಾಣುತ್ತದೆ. ಒಂದೇ ಸಾಮಾನು ಎರಡು ಮೂರು ಎಣಿಕೆಯಲ್ಲೂ ಕಡಿಮೆಯೇ ಬಂದರೆ, ಆಗ ಗೋದಾಮಿನ ಬೀಗದ ಕೈ ಯಾರ ಬಳಿ ಇದೆ ಎಂದು ಕೇಳಬೇಕಾಗುತ್ತದೆ.

ಹಿಂದೆ ಈ ನಿರಂತರ ಲೆಕ್ಕ ಚಿನ್ನದಂಗಡಿ, ವಾಹನದ ಶೋರೂಮ್, ಕಾರ್ಖಾನೆಯ ಸ್ಟೋರ್ಸ್‌ನಂಥ ಕಡೆ ಮಾತ್ರ ನಡೆಯುತ್ತಿತ್ತು. ಸ್ಟೋರ್ಸ್‌ನ ಪ್ರತಿ ಖಾನೆಗೂ ಒಂದು ಬಿನ್ ಕಾರ್ಡ್ ನೇತಾಡುತ್ತಿತ್ತು. ಬಂದದ್ದು, ಹೋದದ್ದು, ಉಳಿದದ್ದು ಎಂಬ ಮೂರು ಕಾಲಂನಲ್ಲಿ ಸ್ಟೋರ್‌ಕೀಪರ್ ಕೈಯಾರೆ ಬರೆಯುತ್ತಿದ್ದರು. ದಿನಕ್ಕೆ ನೂರಾರು ಸಣ್ಣ ಮಾರಾಟ ಮಾಡುವ ಅಂಗಡಿಗೆ ಅಷ್ಟು ಬರೆಯುವ ಕೈ ಎಲ್ಲಿಂದ ಬರಬೇಕು? 1974ರ ಜೂನ್ 26ರಂದು ಅಮೆರಿಕದ ಒಹಾಯೊ ರಾಜ್ಯದ ಟ್ರಾಯ್ ಊರಿನ ಮಾರ್ಷ್ ಸೂಪರ್ ಮಾರ್ಕೆಟ್‌ನಲ್ಲಿ ಒಂದು ಚ್ಯೂಯಿಂಗ್ ಗಮ್ ಪ್ಯಾಕೆಟ್ಟಿನ ಬಾರ್‌ಕೋಡ್ ಸ್ಕ್ಯಾನ್ ಆದ ಮೇಲೆ, ಬಿಲ್ ಮಾಡುವ ಕೆಲಸವೂ ದಾಸ್ತಾನು ಇಳಿಸುವ ಕೆಲಸವೂ ಒಂದೇ ಆಗುವ ದಾರಿ ತೆರೆಯಿತು.

ಹಾಗೆಂದು ಎಲ್ಲರಿಗೂ ನಿರಂತರ ಪದ್ಧತಿಯೇ ಸರಿ ಎನ್ನಲಾರೆ. ಮೂಟೆಯಲ್ಲಿ ಬಂದು ಪಾವು ಕಿಲೊ ಲೆಕ್ಕದಲ್ಲಿ ಹೋಗುವ ಬೇಳೆ, ತೇವಾಂಶ ಆರಿ ತೂಕ ಇಳಿಯುವ ಬೆಲ್ಲ, ತಕ್ಕಡಿಯಲ್ಲಿ ಒಂದು ಹಿಡಿ ಹೆಚ್ಚೇ ಬೀಳುವ ಸಕ್ಕರೆ, ಇವುಗಳಲ್ಲಿ ಪುಸ್ತಕ ಮತ್ತು ಮೂಟೆ ಎಂದೂ ಹೊಂದುವುದಿಲ್ಲ. ಹೋಟೆಲಿನವರು ಒಂದು ಪ್ಲೇಟ್ ಇಡ್ಲಿ ಹೋದಾಗಲೆಲ್ಲ ಅಕ್ಕಿ ಉದ್ದು ಇಳಿಸುತ್ತ ಕೂರುವುದಕ್ಕಿಂತ ವಾರಕ್ಕೊಮ್ಮೆ ಉಗ್ರಾಣ ಎಣಿಸುವುದೇ ವಾಸಿ. ವರ್ಷದ ಬದಲು ತಿಂಗಳಿಗೊಮ್ಮೆ, ವಾರಕ್ಕೊಮ್ಮೆ ಎಣಿಸಿದರೆ ನಿಯತಕಾಲಿಕ ಪದ್ಧತಿಯ ಕುರುಡುತನವೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಒಂದೇ ಅಂಗಡಿಯಲ್ಲಿ ಬೆಲೆಬಾಳುವ ಸಾಮಾನಿಗೆ ನಿರಂತರ ಲೆಕ್ಕ, ಬಿಡಿ ಸರಕಿಗೆ ಎಣಿಕೆಯ ಲೆಕ್ಕ ಎಂದು ಹಂಚಿಕೊಂಡವರೂ ಇದ್ದಾರೆ.

ನಿಯತಕಾಲಿಕದವರಿಗೆ ಕಠಿಣ ದಿನ ಎಂದರೆ ಅಂಗಡಿಗೆ ಬೆಂಕಿ ಬಿದ್ದ ದಿನ. ಎಣಿಸಲು ಸರಕೇ ಉಳಿದಿರುವುದಿಲ್ಲ. ಆಗ ವಿಮೆಯ ಸರ್ವೇಯರ್ ಮುಂದೆ ಲೆಕ್ಕವನ್ನು ಹಿಂದುಮುಂದಾಗಿ ಮಾಡಬೇಕು. ಆರಂಭದ ದಾಸ್ತಾನು 5 ಲಕ್ಷ, ಆ ದಿನದವರೆಗಿನ ಖರೀದಿ 12 ಲಕ್ಷ, ಮಾರಾಟ 15 ಲಕ್ಷ, ಹಿಂದಿನ ವರ್ಷಗಳ ಒಟ್ಟು ಲಾಭ ಶೇ 20 ಎಂದಿಟ್ಟುಕೊಳ್ಳಿ. ಮಾರಾಟದಲ್ಲಿ ಲಾಭ ಕಳೆದರೆ ವೆಚ್ಚ 12 ಲಕ್ಷ, ಆದ್ದರಿಂದ ಸುಟ್ಟ ಸರಕು 5 ಲಕ್ಷ. ನಿಜವಾದ ಲಾಭದ ದರ ಶೇ 22 ಇದ್ದು, ವರ್ಷ ವರ್ಷ ಕಾಣೆಯಾಗುತ್ತಿದ್ದ ಸರಕು ಅದನ್ನು 20ಕ್ಕೆ ಇಳಿಸಿತ್ತು ಎಂದಾದರೆ? ಶೇ 22ರಲ್ಲಿ ವೆಚ್ಚ 11 ಲಕ್ಷದ 70 ಸಾವಿರ. ಆಗ ಪುಸ್ತಕದ ಪ್ರಕಾರ 5 ಲಕ್ಷದ 30 ಸಾವಿರದ ಸರಕು ಇರಬೇಕಿತ್ತು. ಆ 30 ಸಾವಿರ ಈ ವರ್ಷವೂ ಕಾಣೆಯಾಗಿತ್ತೋ, ಅಂಗಡಿಯಲ್ಲಿದ್ದು ಬೆಂಕಿಯಲ್ಲಿ ಹೋಯಿತೋ ಎಂದು ತೋರಿಸುವ ಕಾಗದ ಯಾರ ಬಳಿಯೂ ಇರುವುದಿಲ್ಲ.

ಇನ್ನು ಬೆಂಗಳೂರಿನಲ್ಲೇ ಬೆಳೆದು ದೇಶದ ಅಂಗಡಿಗಳಿಗೆಲ್ಲ ಹಬ್ಬಿದ ಟ್ಯಾಲಿಯ ಮಾತು. ಕಂಪ್ಯೂಟರ್ ಇದೆ ಎಂದ ಮೇಲೆ ನಮ್ಮದು ನಿರಂತರ ಪದ್ಧತಿಯೇ ಎಂದು ಬಹಳ ಜನ ನಂಬಿದ್ದಾರೆ. ಟ್ಯಾಲಿಯಲ್ಲಿ ಲೆಕ್ಕವನ್ನೂ ದಾಸ್ತಾನನ್ನೂ ಜೋಡಿಸುವ ಒಂದು ಆಯ್ಕೆ ಇದೆ, ತೆರೆಯ ಮೇಲೆ ಅದರ ಹೆಸರು `Integrate accounts with inventory`. ಅಲ್ಲಿ `No` ಇದ್ದರೆ ಲಾಭ-ನಷ್ಟ ಪಟ್ಟಿಯಲ್ಲಿ ಕಾಣುವ ಕೊನೆಯ ದಾಸ್ತಾನು ಯಾರೋ ಕೈಯಿಂದ ತುಂಬಿದ ಅಂಕಿ. ಇವತ್ತಿನ ತಾರೀಖಿಗೆ ಪಟ್ಟಿ ತೆರೆದಾಗ ಕಳೆದ ಮಾರ್ಚ್‌ನ ಅಂಕಿಯೇ ನಿಂತಿದ್ದರೆ ನಿಮ್ಮದು ಹಳೆಯ ನಿಯತಕಾಲಿಕ ಪದ್ಧತಿಯೇ. `Yes` ಇದ್ದರೆ ದಾಸ್ತಾನಿನ ಬೆಲೆ ದಿನದಿನವೂ ತಾನೇ ಬದಲಾಗುತ್ತದೆ. ಆದರೂ ಪಟ್ಟಿಯ ರೂಪ ಸಾಮಾನ್ಯವಾಗಿ ಅದೇ: ಆರಂಭದ ದಾಸ್ತಾನು, ಖರೀದಿ, ಕೊನೆಯ ದಾಸ್ತಾನು. ಎಣಿಸಿದ ಮೇಲೆ ಫಿಸಿಕಲ್ ಸ್ಟಾಕ್ ವೋಚರ್‌ನಲ್ಲಿ 16ನ್ನು 14 ಮಾಡಿದರೆ ಕೊನೆಯ ದಾಸ್ತಾನು ಇಳಿಯುತ್ತದೆ, ಒಟ್ಟು ಲಾಭವೂ ಇಳಿಯುತ್ತದೆ, ಕೊರತೆ ಎಂಬ ಸಾಲು ಪಟ್ಟಿಯಲ್ಲಿ ಮೂಡುವುದಿಲ್ಲ. ಕಾಣೆಯಾದ ಎರಡು ಕುಕ್ಕರನ್ನು ನೋಡಬೇಕಾದರೆ ಲಾಭ-ನಷ್ಟ ಪಟ್ಟಿಯನ್ನು ಬಿಟ್ಟು ಆ ವೋಚರ್‌ಗಳನ್ನೇ ತೆರೆಯಬೇಕು. ಪ್ರತಿ ತಿಂಗಳ ಎಣಿಕೆಯಾದ ಮೇಲೆ ಪುಸ್ತಕದ ಸಂಖ್ಯೆ, ಶೆಲ್ಫಿನ ಸಂಖ್ಯೆ, ವ್ಯತ್ಯಾಸದ ಅಸಲು, ಈ ಮೂರನ್ನು ಬೇರೆ ಹಾಳೆಯಲ್ಲಿ ಬರೆಸಿಕೊಳ್ಳಿ ಎಂದು ಅಕೌಂಟೆಂಟರಿಗೆ ಹೇಳಿದರೆ ಅವರು ಮಾಡಿಕೊಡುತ್ತಾರೆ. ಕೇಳಬೇಕಾದವರು ಮಾಲೀಕರು.